ಮಳೆಗಾಲದಲ್ಲಿ ಬಾಣ ಬಾಲ ಆಡಿಸಿದರೆ: ತಪ್ಪು ಗರಿಯದೋ, ಪ್ಲಾಸ್ಟಿಕ್ ವೇನಿನದೋ?

ಜೂನ್ ಮೂರನೇ ವಾರ. ಉಡುಪಿಯಲ್ಲಿ ಮಳೆ ಹಿಡಿದುಕೊಂಡರೆ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಪಕ್ಕದ ಮನೆಯ ಹುಡುಗ ಆರು ಬಾಣ ಹಿಡಿದುಕೊಂಡು ಜಗಲಿಗೆ ಬಂದ. "ಅಣ್ಣ, ಎಂತ ಆಯ್ತೂಂತಲೇ ಗೊತ್ತಾಗುವುದಿಲ್ಲ. ಏಪ್ರಿಲಿನಲ್ಲಿ ಆರೂ ಬಾಣ ಒಂದು ತಟ್ಟೆಯೊಳಗೆ ಬೀಳುತ್ತಿತ್ತು. ಈಗ ಮೊರದೊಳಗೂ ಬೀಳುವುದಿಲ್ಲ" ಅಂದ.

ಬಿಲ್ಲು ಅದೇ. ಒಂದೇ ತುಂಡಿನ ಮರದ ರಿಕರ್ವ್, ಅವನು ಎಳೆಯುವಷ್ಟಕ್ಕೆ 30 ಪೌಂಡ್. ಬಾಣ ಕೂರಿಸಲು ಬೇರೆ ರೆಸ್ಟ್ ಇಲ್ಲ, ನೇರ ಹಿಡಿಯ ಮೇಲೆ ಮರದಲ್ಲೇ ಕೊರೆದ ಶೆಲ್ಫ್ ಮೇಲೇ ಇಟ್ಟು ಬಿಡುವುದು. ಬಾಣವೂ ಅವೇ ಕಾರ್ಬನ್ ಶಾಫ್ಟುಗಳು, 28 ಇಂಚು. ಬದಲಾದದ್ದು ಒಂದೇ. ಮಳೆಯಲ್ಲಿ 4 ಇಂಚಿನ ಟರ್ಕಿ ಕೋಳಿಯ ಗರಿಗಳು ಒದ್ದೆಯಾಗಿ ಶಾಫ್ಟಿಗೆ ಅಂಟಿಕೊಂಡು ಮಲಗಿದವು. ಇವನು ಮೂರು ಬಾಣದ ಗರಿ ಕಿತ್ತು, 2 ಇಂಚಿನ ಗಟ್ಟಿ ಪ್ಲಾಸ್ಟಿಕ್ ವೇನ್ ಅಂಟಿಸಿದ್ದ. ಕಾಂಪೌಂಡ್ ಬಿಲ್ಲಿನವರು ಹಾಕುವ ಜಾತಿಯದ್ದು. "ಅದಕ್ಕೆ ನೀರು ತಾಗುವುದಿಲ್ಲ ಅಲ್ವಾ?" ಅನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಅರ್ಧ ಮಾತ್ರ.

ಮೊದಲ ಅನುಮಾನ ಎಲ್ಲರದ್ದೂ ಒಂದೇ: ವೇನ್ ಚಿಕ್ಕದಾಯಿತು, ಹಿಡಿತ ಸಾಲದು, ದೊಡ್ಡದು ಹಾಕುವಾ. ಹಾಗೆ ದುಡ್ಡು ಖರ್ಚು ಮಾಡುವ ಮೊದಲು ಮೂರು ಪರೀಕ್ಷೆ ಮಾಡಬೇಕು, ಅದೂ ಈ ಕ್ರಮದಲ್ಲೇ. ನಾವು ಮಾಡಿದ್ದನ್ನೇ ಬರೆಯುತ್ತೇನೆ.

ಮೊದಲು ಗರಿಯ ಕೆಲಸ ಏನು ಅಂತ

ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುತ್ತೇವಲ್ಲ, ಬಾಣದ ಗರಿಯೂ ಸುಮಾರಾಗಿ ಹಾಗೆಯೇ. ಬಾಣದ ತೂಕದ ನಡುಬಿಂದು ಮುಂದಕ್ಕೆ ಇರುತ್ತದೆ, ಮೊನೆಯ ಕಡೆಗೆ. ಗರಿ ಹಿಂದಿರುತ್ತದೆ. ಬಾಣ ಸ್ವಲ್ಪ ಓರೆಯಾಗಿ ಹಾರಿದರೆ ಎದುರಿನ ಗಾಳಿ ಗರಿಯ ಮೈಗೆ ಬಡಿದು ಬಾಲವನ್ನು ಸಾಲಿಗೆ ತಳ್ಳುತ್ತದೆ. ಗರಿ ನಡುಬಿಂದುವಿನಿಂದ ಎಷ್ಟು ದೂರವೋ ಆ ತಳ್ಳುವಿಕೆಗೆ ಅಷ್ಟು ಬಲ. ಸನ್ನೆಗೋಲಿನ ಹಾಗೆ.

ಇಲ್ಲಿ ಒಂದು ವಿಷಯ ನೆನಪಿಡಿ. ಬಾಣ ನೆಟ್ಟಗೆ ಹೋಗುತ್ತಿರುವಾಗ ಗರಿ ತಿದ್ದುವುದಕ್ಕೆ ಏನೂ ಇಲ್ಲ. ಆಗ ಅದು ಸುಮ್ನೆ ಗಾಳಿಗೆ ಅಡ್ಡ ನಿಂತು ವೇಗ ತಿನ್ನುತ್ತದೆ, ಅಷ್ಟೆ. ಆ ತಡೆ ವೇಗದ ವರ್ಗದ ಪ್ರಕಾರ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹಾಗಾಗಿ ದೊಡ್ಡ ಗರಿ ಪುಕ್ಕಟೆಯಲ್ಲ.

(ನಮ್ಮಲ್ಲಿ ಬಾಣದ ಈ ಗರಿಯ ತುದಿಗೆ ಪುಂಖ ಅನ್ನುವ ಹೆಸರುಂಟು. ಒಂದು ಬಾಣದ ಪುಂಖದ ಹಿಂದೆ ಇನ್ನೊಂದು ಬಾಣದ ಪುಂಖ, ಅದೇ ಪುಂಖಾನುಪುಂಖ. ಭಾಷಣಗಳಲ್ಲಿ ಮಾತ್ರ ಕೇಳಿ ಅಭ್ಯಾಸವಾದ ಶಬ್ದ ಶಸ್ತ್ರದ ಕೋಣೆಯಿಂದ ಬಂದದ್ದು.)

ಹತ್ತಿರ ಮತ್ತು ದೂರ

ನಮ್ಮ ತೆಂಗಿನ ತೋಟದ ಕೊನೆಯಲ್ಲಿ ಹಳೆ ಬಟ್ಟೆ ಬಿಗಿದು ತುಂಬಿಸಿದ ಗೋಣಿ ಮೂಟೆ ಉಂಟು, ಅದರ ಹಿಂದೆ ಕೆಂಪುಕಲ್ಲಿನ ಪಾಗಾರ. ಬೆಳಗ್ಗೆ ಏಳಕ್ಕೆ ಮಳೆ ಬಿಟ್ಟಿತ್ತು. ಬೆಳಗ್ಗೆಯೇ ಯಾಕೆಂದರೆ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಶುರುವಾಗುತ್ತದೆ. ಆಮೇಲೆ ಬಾಣ ಸರಿದದ್ದು ಗಾಳಿಗೋ ದೋಷಕ್ಕೋ ಅಂತ ಹೇಳುವುದು ಕಷ್ಟ.

ಮೊದಲು 8 ಮೀಟರಿನಿಂದ ವೇನ್ ಹಾಕಿದ ಮೂರು ಬಾಣ ಬಿಡಿಸಿದೆ. ಮೂರೂ ಓರೆಯಾಗಿ ಚುಚ್ಚಿಕೊಂಡವು. ಒಂದರ ಬಾಲ ಮೇಲೆ, ಇನ್ನೆರಡರದ್ದು ಪಕ್ಕಕ್ಕೆ. ಬಾಲ ಯಾವ ದಿಕ್ಕಿಗೆ ವಾಲಿದೆ ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಮೂಟೆಯೊಳಗೆ ಗಟ್ಟಿ ಗಂಟೊಂದು ಸಿಕ್ಕಿದರೂ ಬಾಣ ತಿರುಗುತ್ತದೆ. ಮೂರೂ ಓರೆಯಾಗಿವೆ ಅನ್ನುವುದಷ್ಟೇ ಮುಖ್ಯ.

ಆಮೇಲೆ 25 ಮೀಟರಿನಿಂದ. ಈಗ ಮೂರೂ ಬಾಣ ನೆಟ್ಟಗೆ ಚುಚ್ಚಿದವು! ಆದರೆ ಒಂದಕ್ಕೊಂದು ಮೊಳ ದೂರದಲ್ಲಿ.

ಇದರಲ್ಲೇ ಅರ್ಧ ಉತ್ತರ ಉಂಟು. 25 ಮೀಟರಿಗೆ ಹೋಗುವಷ್ಟರಲ್ಲಿ ಬಾಣ ನೆಟ್ಟಗಾಗಿದೆ ಅಂದರೆ ವೇನ್ ತನ್ನ ಕೆಲಸ ಮಾಡಿದೆ. ಚಿಕ್ಕದಾದರೂ ಹಿಡಿತ ಸಾಕು. ಆದರೆ ಬಿಲ್ಲಿನಿಂದ ಹೊರಡುವಾಗಲೇ ಪ್ರತಿ ಸಲ ಬೇರೆ ಬೇರೆ ಕಡೆಗೆ ಏಟು ತಿಂದು ಹೊರಡುತ್ತಿದೆ. ವೇನ್ ಬಾಣದ ಓರೆಯನ್ನು ತಿದ್ದಬಲ್ಲದು. ಆಗಲೇ ತಪ್ಪಿದ ದಾರಿಯನ್ನು ತಿದ್ದಲಾರದು.

ಇದರ ತದ್ವಿರುದ್ಧ ಕಂಡರೆ ಕಥೆ ಬೇರೆ. ಹತ್ತಿರದಲ್ಲಿ ಚೆನ್ನಾಗಿ ಬಿದ್ದು ದೂರದಲ್ಲಿ ಲೆಕ್ಕಕ್ಕಿಂತ ಜಾಸ್ತಿ ಚದುರಿದರೆ ಗರಿಯನ್ನೇ ಅನುಮಾನಿಸಬೇಕು. ಹರಿದಿರಬಹುದು, ಒದ್ದೆಯಾಗಿ ಮಲಗಿರಬಹುದು, ನಿಜವಾಗಿ ಚಿಕ್ಕದೂ ಆಗಿರಬಹುದು. ಲೆಕ್ಕ ಅಂದರೆ ಇಷ್ಟೇ: 10 ಮೀಟರಿನಲ್ಲಿ ಒಂದು ಗೇಣಿನೊಳಗೆ ಬಿದ್ದರೆ 20 ಮೀಟರಿನಲ್ಲಿ ಎರಡು ಗೇಣು ಸಹಜ. ನಾಲ್ಕು ಗೇಣಾದರೆ ಸಹಜ ಅಲ್ಲ.

ಲಿಪ್‌ಸ್ಟಿಕ್ ಪರೀಕ್ಷೆ

ಏಟು ಎಲ್ಲಿ ಬೀಳುತ್ತಿದೆ ಅಂತ ಹುಡುಕಬೇಕಲ್ಲ. ಅವನ ಅಕ್ಕನ ಹಳೆ ಲಿಪ್‌ಸ್ಟಿಕ್ ತರಿಸಿದೆ. ಮೂರೂ ವೇನ್‌ಗಳ ಅಂಚಿಗೆ ತೆಳ್ಳಗೆ ಹಚ್ಚಿ, ಶೆಲ್ಫನ್ನೂ ಅದರ ಪಕ್ಕದ ಗೋಡೆಯನ್ನೂ ಒರೆಸಿ, ಒಂದೇ ಒಂದು ಬಾಣ ಬಿಡಿಸಿದೆ. ಟಾಲ್ಕಂ ಪೌಡರನ್ನು ಬಿಲ್ಲಿನ ಕಡೆ ಚಿಮುಕಿಸಿದರೂ ಆಗುತ್ತದೆ, ಆದರೆ ನಮ್ಮ ತೇವದ ಹವೆಯಲ್ಲಿ ಪೌಡರ್ ಮುದ್ದೆಯಾಗುತ್ತದೆ. ಕುಂಕುಮ ಬೇಡ. ಒಮ್ಮೆ ಪ್ರಯತ್ನಿಸಿದ್ದೆ. ಬಿಲ್ಲಿನ ಬಣ್ಣ ಹೋಗಲು ವರ್ಷ ಬೇಕಾಯಿತು.

ಶೆಲ್ಫ್ ಮೇಲೆ ಕೆಂಪು ಗೀರು ಸ್ಪಷ್ಟ. ಪಕ್ಕದ ಗೋಡೆಯ ಬುಡದಲ್ಲಿ ಇನ್ನೊಂದು. ಮೂಟೆಯಿಂದ ಬಾಣ ಕಿತ್ತು ನೋಡಿದರೆ, ಕೆಳಗೆ ಬಿಲ್ಲಿನ ಕಡೆಗಿದ್ದ ವೇನಿನ ಅಂಚಿನಲ್ಲಿ ಬಣ್ಣ ಅಳಿಸಿತ್ತು.

"ನಾಕ್ ಸ್ವಲ್ಪ ತಿರುಗಿಸಿದರೆ ಸರಿಯಾಗ್ತದಾ?" ಅಂತ ಕೇಳಿದ, ಹೆದೆಗೆ ಸಿಕ್ಕಿಸುವ ಬಾಲದ ತುದಿಯನ್ನು ತೋರಿಸಿ. ಬೇರೆ ರೆಸ್ಟ್ ಇರುವ ಬಿಲ್ಲಿನಲ್ಲಿ ಅದು ಒಳ್ಳೆಯ ಪ್ರಶ್ನೆ. ಅಲ್ಲಿ ನಾಕನ್ನು ಕೂದಲೆಳೆಯಷ್ಟು ತಿರುಗಿಸಿ ವೇನ್ ತಪ್ಪಿಸಿಕೊಳ್ಳುವ ದಾರಿ ಸಿಗುತ್ತದೆ. ಶೆಲ್ಫ್ ಮೇಲಿಂದ ಬಿಡುವಾಗ ಹಾಗಲ್ಲ. ಮೂರು ವೇನ್, 120 ಡಿಗ್ರಿ ಅಂತರ, ಕೆಳಗೆ ಶೆಲ್ಫ್, ಪಕ್ಕದಲ್ಲಿ ಗೋಡೆ. ಹೇಗೆ ತಿರುಗಿಸಿದರೂ ಯಾವುದೋ ಒಂದು ತಾಗಿಯೇ ತಾಗುತ್ತದೆ. ತಿರುಗಿಸಿ ನೋಡಿದೆವು. ಗೀರು ತೆಳ್ಳಗಾಯಿತು, ಹೋಗಲಿಲ್ಲ.

ಹಾಗಾದರೆ ಏಪ್ರಿಲಿನಲ್ಲಿ ಗರಿ ತಾಗುತ್ತಿರಲಿಲ್ಲವೇ? ತಾಗುತ್ತಿತ್ತು! ಉಳಿದ ಗರಿಯ ಬಾಣಕ್ಕೆ ಬಣ್ಣ ಹಚ್ಚಿ ಬಿಟ್ಟರೆ ಅದೇ ಜಾಗದಲ್ಲಿ ಗೀರು. ವ್ಯತ್ಯಾಸ ತಾಗುವುದರಲ್ಲಿ ಇಲ್ಲ, ತಾಗಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ. ಗರಿ ಅಂದರೆ ನೂರಾರು ತೆಳು ಎಳೆಗಳು, ಒಂದಕ್ಕೊಂದು ಸಣ್ಣ ಕೊಂಡಿ ಹಾಕಿಕೊಂಡಿರುತ್ತವೆ. ಶೆಲ್ಫಿಗೆ ತಾಗಿದರೆ ಮಡಚಿಕೊಳ್ಳುತ್ತದೆ, ದಾಟಿದ ಕೂಡಲೇ ಎದ್ದು ನಿಲ್ಲುತ್ತದೆ. ಬಾಣಕ್ಕೆ ಸುದ್ದಿಯೇ ಗೊತ್ತಾಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಮಡಚುವುದಿಲ್ಲ. ಓಡುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿದ ಹಾಗೆ, ಇಡೀ ಬಾಲ ಒದ್ದುಕೊಂಡು ಆಚೆ ಹೋಗುತ್ತದೆ. ಒಲಿಂಪಿಕ್ ರಿಕರ್ವಿನವರು ಪ್ಲಾಸ್ಟಿಕ್ ಬಳಸುತ್ತಾರಲ್ಲ ಅಂದರೆ, ಅವರ ಬಾಣ ತೆಳು ತಂತಿಯ ರೆಸ್ಟ್ ಮೇಲೆ ಕೂರುತ್ತದೆ. ತಾಗುವುದಕ್ಕೆ ಅಲ್ಲಿ ಶೆಲ್ಫೇ ಹತ್ತಿರ ಇಲ್ಲ. ಅವರಲ್ಲಿ ಹೆಚ್ಚಿನವರು ಹಾಕುವುದೂ ಈ ಗಟ್ಟಿ ವೇನ್ ಅಲ್ಲ, ಸುರುಳಿಯ ಹಾಗೆ ಬಾಗಿದ ತೆಳು ಹಾಳೆಯ ಸ್ಪಿನ್ ವೇನ್.

ಬೋಳು ಬಾಣ

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪಕ್ಕದ ಗೋಡೆಯ ಮೇಲಿದ್ದ ಆ ಎರಡನೇ ಗೀರು ನನಗೆ ಹಿಡಿಸಲಿಲ್ಲ. ಬೆರಳಿನಿಂದ ಹೆದೆ ಬಿಟ್ಟಾಗ ಬಾಣ ನೆಟ್ಟಗೆ ಹೋಗುವುದಿಲ್ಲ, ಮೀನಿನ ಹಾಗೆ ಬಳುಕುತ್ತದೆ. ಬಳುಕು ಸರಿಯಾದ ಹೊತ್ತಿಗೆ ಬಂದರೆ ಬಾಲ ಬಿಲ್ಲಿನಿಂದ ಆಚೆ ಸರಿದು ದಾಟುತ್ತದೆ. ಬಾಣ ಬಿಲ್ಲಿಗೆ ಜಾಸ್ತಿ ಗಟ್ಟಿಯಾದರೆ ಅಥವಾ ಜಾಸ್ತಿ ಬಾಗಿದರೆ ಆ ಹೊಂದಾಣಿಕೆ ತಪ್ಪುತ್ತದೆ. ಶಾಫ್ಟಿನ ಈ ಬಾಗುವ ಗುಣಕ್ಕೇ ಸ್ಪೈನ್ ಅನ್ನುವುದು.

ಅದನ್ನು ನೋಡಲು ಗರಿಯೇ ಇಲ್ಲದ ಬಾಣ ಬೇಕು. ಅವನ ಹತ್ತಿರ ಎರಡು ಹೆಚ್ಚುವರಿ ಶಾಫ್ಟ್ ಇತ್ತು, ಅದೇ 100 ಗ್ರೇನ್ ಮೊನೆ. ವೇನ್‌ಗಳ ತೂಕಕ್ಕೆ ಸರಿಯಾಗಿ ಬಾಲಕ್ಕೆ ಟೇಪ್ ಸುತ್ತಿದೆವು. ಮೂರು ವೇನ್ ಸೇರಿ ಸುಮಾರು 1.1 ಗ್ರಾಂ. ಪರೀಕ್ಷೆ 10 ಮೀಟರಿನಿಂದಲೇ ಶುರು ಮಾಡಿ. ಬೋಳು ಬಾಣಕ್ಕೆ ಯಾರೂ ಯಜಮಾನರಿಲ್ಲ, ದೂರದಿಂದ ಬಿಟ್ಟರೆ ಮೂಟೆ ತಪ್ಪಿ ಪಾಗಾರಕ್ಕೆ ಬಡಿದು ಒಡೆಯುತ್ತದೆ.

ಗರಿ ಇದ್ದ ಬಾಣಗಳು ಬಿದ್ದಲ್ಲಿಂದ ಬೋಳು ಬಾಣಗಳು ಸುಮಾರು 12 ಸೆಂ.ಮೀ. ಎಡಕ್ಕೆ ಬಿದ್ದವು. ಹುಡುಗ ಬಲಗೈಯವನು. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಶಾಫ್ಟ್ ಗಟ್ಟಿ, ಬಲಕ್ಕೆ ಬಿದ್ದರೆ ಮೆದು. ಎಡಗೈಯವರಿಗೆ ಉಲ್ಟಾ. ಮೇಲೆ ಬಿದ್ದರೆ ಹೆದೆಯಲ್ಲಿ ನಾಕ್ ಕೂರುವ ಜಾಗ ತೀರಾ ಕೆಳಗಿದೆ, ಕೆಳಗೆ ಬಿದ್ದರೆ ತೀರಾ ಮೇಲಿದೆ ಅಂತ ಅರ್ಥ. ಇವನದ್ದು ಎತ್ತರದಲ್ಲಿ ಸರಿಯಾಗಿತ್ತು.

ಒಂದು ಮೋಸ ಇಲ್ಲಿ ನಡೆಯುತ್ತದೆ. ತೀರಾ ಮೆದುವಾದ ಬಾಣ ಬಿಲ್ಲಿನ ಗೋಡೆಗೆ ಬಡಿದು ಚಿಮ್ಮಿ ಎಡಕ್ಕೇ ಬೀಳಬಹುದು. ಆಗ ನೀವು ಗಟ್ಟಿ ಅಂದುಕೊಂಡು ಇನ್ನೂ ಮೆದು ಮಾಡುತ್ತಾ ಹೋಗುತ್ತೀರಿ. ಅದಕ್ಕೇ ಬೋಳು ಬಾಣದ ಬಾಲಕ್ಕೂ ಲಿಪ್‌ಸ್ಟಿಕ್ ಹಚ್ಚಿ ನೋಡಿದೆ. ಗೋಡೆಯ ಮೇಲೆ ಗುರುತಿಲ್ಲ. ಹಾಗಾದರೆ ನಿಜವಾಗಿಯೂ ಗಟ್ಟಿಯೇ.

ಈಗ ಕುತೂಹಲಕ್ಕೆ ಟೇಪ್ ಬಿಚ್ಚಿ, ಗರಿಯ ತೂಕದಷ್ಟೇ ಉಳಿಸಿದೆ. ಮೂರು ಗರಿ ಸೇರಿದರೂ ಸುಮಾರು ಅರ್ಧ ಗ್ರಾಂ. ಎಡಕ್ಕೆ ಬೀಳುತ್ತಿದ್ದ ಬಾಣ ಎರಡು ಬೆರಳಿನಷ್ಟು ಗುಂಪಿನ ಹತ್ತಿರ ಬಂತು. ಬಾಲದಲ್ಲಿ ತೂಕ ಏರಿದರೆ ಬಾಣ ಸ್ವಲ್ಪ ಗಟ್ಟಿಯಾದಂತೆ ವರ್ತಿಸುತ್ತದೆ, ಮೊನೆಯಲ್ಲಿ ಏರಿದರೆ ಮೆದುವಾದಂತೆ. ಅಷ್ಟೇ ಅಲ್ಲ, ತೂಕದ ನಡುಬಿಂದುವೂ ಹಿಂದಕ್ಕೆ ಸರಿಯುತ್ತದೆ. ಅವನ ಬಾಣ ಒಟ್ಟು 24 ಗ್ರಾಂ. ಅದರ ಬಾಲಕ್ಕೆ 0.6 ಗ್ರಾಂ ಜಾಸ್ತಿ ಹಾಕಿದರೆ ನಡುಬಿಂದು ಹೆಚ್ಚುಕಡಿಮೆ 1 ಸೆಂ.ಮೀ. ಹಿಂದೆ ಬರುತ್ತದೆ. ಚೂರಿಯ ಅಲುಗಿನ ಮೇಲೆ ಬಾಣ ತೂಗಿಸಿ ನೋಡಿದೆವು, ಬಂದಿತ್ತು. ಅಂದರೆ ಸನ್ನೆಗೋಲೂ ಅಷ್ಟು ಗಿಡ್ಡ.

ಒಟ್ಟಿನಲ್ಲಿ ಸಂಗತಿ ಹೀಗೆ. ಬಾಣ ಏಪ್ರಿಲಿನಲ್ಲೂ ಬಿಲ್ಲಿಗೆ ಸ್ವಲ್ಪ ಗಟ್ಟಿಯೇ ಇತ್ತು. 4 ಇಂಚಿನ ಗರಿ ತಾಗಿದಲ್ಲಿ ಮಡಚಿ, ಓರೆಯಾದಲ್ಲಿ ಬೇಗ ತಿದ್ದಿ, ಆ ತಪ್ಪನ್ನು ಮುಚ್ಚಿಟ್ಟಿತ್ತು. ಪ್ಲಾಸ್ಟಿಕ್ ಬಂದದ್ದೇ ಎಲ್ಲ ಬಯಲಾಯಿತು, ಮೇಲಿಂದ ತಾನೂ ಒಂದಿಷ್ಟು ಸೇರಿಸಿತು.

ಮೊನೆ ಬದಲಿಸಿದೆವು. 100 ಗ್ರೇನ್ ತೆಗೆದು 125, ಅಂದರೆ 6.5 ಗ್ರಾಂ ಇದ್ದದ್ದು 8.1 ಆಯಿತು. ಬೋಳು ಬಾಣ ಗುಂಪಿನಿಂದ ಎರಡು ಬೆರಳಿನೊಳಗೆ ಬಂತು. ಇದಕ್ಕಿಂತ ಹತ್ತಿರ ತರಲು ಹಟ ಮಾಡಬೇಡಿ, ಬೆರಳು ಬಿಡುವ ರೀತಿಯೇ ದಿನಕ್ಕೊಂದು ತರ ಇರುತ್ತದೆ. ಗೋಡೆಯ ಮೇಲಿನ ಗೀರು ಹೋಯಿತು. ಶೆಲ್ಫ್ ಮೇಲಿನದ್ದು ಹೋಗಲಿಲ್ಲ, ಹೋಗುವುದೂ ಇಲ್ಲ. ವೇನೇ ಬೇಕಾದರೆ ಬಿಲ್ಲಿಗೆ ಅಂಟಿಸುವ ಎತ್ತರದ ರೆಸ್ಟ್ ಹಾಕು, ಶೆಲ್ಫೇ ಬೇಕಾದರೆ ಗರಿಗೆ ವಾಪಸ್ ಬಾ ಅಂದೆ. ಅವನು ಗರಿ ಅಂದ.

ಎಷ್ಟು ದೊಡ್ಡ ಗರಿ, ಯಾವ ಆಕಾರ

"ಹಾಗಾದ್ರೆ 5 ಇಂಚಿನದ್ದೇ ಹಾಕುವಾ ಅಣ್ಣ, ಜಾಸ್ತಿ ಗಟ್ಟಿ ಹಿಡೀತದೆ."

"ಹಾಕು ಮಾರಾಯ, ಎರಡು ಬಾಣಕ್ಕೆ ಮಾತ್ರ" ಅಂದೆ.

ಎರಡಕ್ಕೆ 5 ಇಂಚಿನ ಶೀಲ್ಡ್, ಎರಡಕ್ಕೆ 4 ಇಂಚಿನ ಪ್ಯಾರಬೋಲಿಕ್. ಶೀಲ್ಡ್ ಅಂದರೆ ಹಿಂಭಾಗ ಒಳಕ್ಕೆ ಬಾಗಿ ಚೂಪಾಗಿ ಕತ್ತರಿಸಿದ್ದು, ನೋಡಲು ಚಂದ, ಹಾರುವಾಗ ಸ್ವಲ್ಪ ಸದ್ದು ಜಾಸ್ತಿ. ಪ್ಯಾರಬೋಲಿಕ್ ಅಂದರೆ ಬೆನ್ನು ಪೂರ್ತಿ ದುಂಡಗೆ. 18 ಮೀಟರಿನಲ್ಲಿ ನಾಲ್ಕೂ ಒಂದೇ ಎತ್ತರಕ್ಕೆ ಬಿದ್ದವು. 30 ಮೀಟರಿಗೆ ಹಿಂದೆ ಸರಿದಾಗ 5 ಇಂಚಿನವು ಮೂರು ನಾಲ್ಕು ಬೆರಳು ಕೆಳಗೆ. ಗುಂಪು ಮಾತ್ರ ಬಿಗಿಯಾಗಲಿಲ್ಲ, ಯಾಕೆಂದರೆ ಮೊನೆ ಬದಲಿಸಿದ ಮೇಲೆ ತಿದ್ದುವುದಕ್ಕೆ ಜಾಸ್ತಿ ಉಳಿದಿರಲಿಲ್ಲ.

ಗರಿಗೂ ವೇನಿಗೂ ಗಾಳಿಯಲ್ಲಿ ಒಂದು ಚೌಕಾಸಿ ನಡೆಯುತ್ತದೆ. ಗರಿ ಹಗುರ, ಹಾಗಾಗಿ ಬಾಣ ಬಿಲ್ಲಿನಿಂದ ಒಂದಿಷ್ಟು ವೇಗವಾಗಿ ಹೊರಡುತ್ತದೆ. ಆದರೆ ಗರಿಯ ಒಂದು ಮೈ ನಯ, ಇನ್ನೊಂದು ಮೈ ತರಿ. ಬಾಣ ತಿರುಗುತ್ತಾ ಬೇಗ ಸ್ಥಿರವಾಗುವುದಕ್ಕೆ ಆ ತರಿಯೂ ಒಂದು ಕಾರಣ, ದಾರಿಯುದ್ದಕ್ಕೂ ವೇಗ ತಿನ್ನುವುದೂ ಅದೇ. ನಯವಾದ ವೇನ್ ನಿಧಾನ ಹೊರಟು, ವೇಗ ಉಳಿಸಿಕೊಂಡು ಹೋಗುತ್ತದೆ. ಅವನ ಬಾಣ ಸೆಕೆಂಡಿಗೆ ಸುಮಾರು 45 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. 18 ಮೀಟರಿಗೆ 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಗಾಳಿ ಏನು ತಿಂದೀತು? 50 ಮೀಟರಿಗೆ 1.1 ಸೆಕೆಂಡಿಗಿಂತ ಜಾಸ್ತಿ ಬೇಕು. ಅಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಒಳಾಂಗಣದ 18 ಮೀಟರಿಗೆ ದೊಡ್ಡ ಗರಿ ಹಾಕಿದವರೇ ಹೊರಗಿನ 70 ಮೀಟರಿಗೆ ಸಣ್ಣ ವೇನ್ ಹಾಕುವುದು ಇದಕ್ಕೇ. ಅಡ್ಡಗಾಳಿಗೂ ದೊಡ್ಡ ಗರಿ ಜಾಸ್ತಿ ಸರಿಯುತ್ತದೆ. ಮಲ್ಪೆ, ಪಣಂಬೂರು ಕಡೆಯ ಬಯಲಿನಲ್ಲಿ ಸಂಜೆ ಅಭ್ಯಾಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅವನು ಬಿಡುವುದು ಜಾಸ್ತಿಯೆಂದರೆ 30 ಮೀಟರ್. ಆರಕ್ಕೂ 4 ಇಂಚಿನ ಪ್ಯಾರಬೋಲಿಕ್ಕೇ ಸಾಕು ಅಂತ ತೀರ್ಮಾನವಾಯಿತು.

ಒದ್ದೆ ಗರಿಯ ಪಾಡು

ಇನ್ನು ಮಳೆಯ ಪ್ರಶ್ನೆ, ಅವನನ್ನು ಪ್ಲಾಸ್ಟಿಕ್ಕಿಗೆ ಕಳಿಸಿದ್ದೇ ಅದು. ಗರಿಗೆ ಹಚ್ಚುವ ನೀರು ತಡೆಯುವ ಪುಡಿಯೂ ಸ್ಪ್ರೇಯೂ ಸಿಗುತ್ತದೆ. ತುಂತುರಿಗೆ ಸಾಕು, ಆಷಾಢದ ಮಳೆಗೆ ಸಾಲದು. ನಡೆದು ಹೋಗುವಾಗ ಬಾಲದ ಕಡೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮನೆಗೆ ಬಂದ ಮೇಲೆ ಚೀಲ ತೆಗೆಯಿರಿ, ಇಲ್ಲದಿದ್ದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಬಾಣಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಇಡುವುದಾದರೆ ಎರಡು ನುಸಿಗುಳಿಗೆ ಹಾಕಿ. ಗರಿಯ ಅಂಚಿನಲ್ಲಿ ಕಚ್ಚಿದ ಹಾಗೆ ಸಣ್ಣ ಸಣ್ಣ ತೂತು ಕಂಡರೆ ಅದು ಬಾಣ ತಾಗಿ ಆದದ್ದಲ್ಲ, ಹುಳ ತಿಂದದ್ದು.

ಮಲಗಿದ ಗರಿಯನ್ನು ಕಿತ್ತೆಸೆಯುವ ಮೊದಲು ಹಬೆ ಕೊಟ್ಟು ನೋಡಿ. ಮೊದಲು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಆಮೇಲೆ ಕುದಿಯುವ ಪಾತ್ರೆಯ ಹಬೆಗೆ ಗರಿಯನ್ನು ಮಾತ್ರ ಒಂದು ಗೇಣು ಮೇಲೆ ಹಿಡಿದು, ಬಾಣ ತಿರುಗಿಸುತ್ತಾ ಐದಾರು ಸೆಕೆಂಡ್. ಕಣ್ಣೆದುರಿಗೇ ಎಳೆಗಳು ಎದ್ದು ನಿಲ್ಲುತ್ತವೆ. ಜಾಸ್ತಿ ಹೊತ್ತು ಹಿಡಿಯಬೇಡಿ, ಕಾರ್ಬನ್ ಶಾಫ್ಟಿಗೂ ಅಂಟಿಗೂ ಬಿಸಿ ಒಳ್ಳೆಯದಲ್ಲ. ಬಿಟ್ಟುಹೋದ ಎಳೆಗಳನ್ನು ಬೆರಳಿನಲ್ಲಿ ಬುಡದಿಂದ ತುದಿಗೆ ಸವರಿದರೆ ಕೊಂಡಿ ಮತ್ತೆ ಕೂಡುತ್ತದೆ. ನಾವು ಇದನ್ನು ಅವನ ಅಮ್ಮನ ಇಡ್ಲಿ ಪಾತ್ರೆಯಲ್ಲಿ ಮಾಡಿದೆವು. ಟರ್ಕಿ ಕೋಳಿಯ ಗರಿ ಅಂತ ಅವರಿಗೆ ಆಮೇಲೆ ಗೊತ್ತಾಯಿತು. ಆ ಪಾತ್ರೆ ಈಗ ನಮ್ಮ ಮನೆಯಲ್ಲಿ ಉಂಟು.

ಅವನು ಕೀಳದೆ ಬಿಟ್ಟಿದ್ದ ಮೂರು ಬಾಣಗಳ ಒಂಬತ್ತು ಗರಿಯಲ್ಲಿ ಎಂಟು ಎದ್ದು ನಿಂತವು. ಒಂದರ ನಡುಕಡ್ಡಿಯೇ ಮುರಿದಿತ್ತು, ಅದಕ್ಕೆ ಹಬೆ ಏನೂ ಮಾಡಲಾರದು. ಅಂಗಡಿಯಿಂದ ತಂದ ಹೊಸ ಗರಿ ಅಂಟಿಸಲು ಹೊರಟವನ ಕೈ ತಡೆದೆ. ಹಳೆಯದು ಎಡ ರೆಕ್ಕೆಯದ್ದು, ತಂದದ್ದು ಬಲ ರೆಕ್ಕೆಯದ್ದು. ಎರಡರ ಬಾಗು ಎದುರು ಬದುರು. ಒಂದೇ ಬಾಣದಲ್ಲಿ ಎರಡನ್ನೂ ಸೇರಿಸಿದರೆ ಎರಡು ಗರಿ ಬಾಣವನ್ನು ಒಂದು ಕಡೆಗೆ ತಿರುಗಿಸುತ್ತವೆ, ಮೂರನೆಯದು ಎದುರು ಎಳೆಯುತ್ತದೆ. ಪಕ್ಕ ಪಕ್ಕ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಆ ಮೂರೂ ಗರಿ ಕಿತ್ತು, ಬಲ ರೆಕ್ಕೆಯವನ್ನೇ ಮೂರು ಅಂಟಿಸಿ, ಅಂಟಿಸುವಾಗ ಗರಿ ಹಿಡಿದಿಡುವ ಜಿಗ್‌ನ ಕ್ಲಾಂಪನ್ನೂ ಬಲ ತಿರುವಿನದ್ದಕ್ಕೆ ಬದಲಿಸಿದೆವು. ಆ ಒಂದು ಬಾಣ ಈಗ ಉಳಿದ ಐದಕ್ಕೆ ಉಲ್ಟಾ ತಿರುಗುತ್ತಾ ಹೋಗುತ್ತದೆ, ಬೀಳುವುದು ಮಾತ್ರ ಅದೇ ತಟ್ಟೆಯೊಳಗೆ.